ನಿಶ್ಚಯವಾಯಿತು ಎಂದು ಹೇಳುವ ನಾಲ್ಕು ಸಾಲು

ನಿಶ್ಚಿತಾರ್ಥ ಮುಗಿದು, ನೆಂಟರು ಊಟ ಮಾಡಿ ಎಲೆಅಡಿಕೆ ಹಾಕಿಕೊಂಡು ಹೊರಟ ಮೇಲೆ, ಹುಡುಗ ಹುಡುಗಿ ಇಬ್ಬರೂ ಒಂದು ಮೂಲೆಯಲ್ಲಿ ಕೂತು ಫೋನಿನಲ್ಲಿ ಏನೋ ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಸುದ್ದಿಯನ್ನು ಊರಿಗೆಲ್ಲ ತಿಳಿಸುವ ನಾಲ್ಕು ಸಾಲು ಅದು. ಹಿಂದೆ ಈ ಕೆಲಸ ಅವರದಾಗಿರಲಿಲ್ಲ. ಅಪ್ಪನೋ ದೊಡ್ಡಪ್ಪನೋ ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು ಬರೆದು ಅಂಚೆಗೆ ಹಾಕುತ್ತಿದ್ದರು, ಹತ್ತಿರದ ಊರಾದರೆ ಬಸ್ಸು ಹತ್ತಿ ಹೋಗಿ ಹೇಳಿ ಬರುತ್ತಿದ್ದರು. ಮದುವೆಯಾಗುವವರು ತಮ್ಮ ಮದುವೆಯ ವಿಷಯವನ್ನು ತಾವೇ ಹೇಳಿಕೊಳ್ಳುವುದು ನಮ್ಮ ಕಡೆ ಒಂದೆರಡು ತಲೆಮಾರಿನಿಂದ ಈಚೆಗೆ ಬಂದ ರೂಢಿ. ಹಾಗಾಗಿ ಅದಕ್ಕೆ ಇನ್ನೂ ಒಂದು ಮಾತಿನ ಮಾದರಿ ಗಟ್ಟಿಯಾಗಿಲ್ಲ. ಬರೆಯಲು ಕೂತವರು ತಡವರಿಸುವುದು ಅದಕ್ಕೇ.

ಆ ನಾಲ್ಕು ಸಾಲನ್ನು ಯಾರು ಯಾರು ಓದುತ್ತಾರೆ ಎಂದು ಯೋಚಿಸಿದರೆ ಕಷ್ಟ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿ, ಆಫೀಸಿನ ಮೇಲಧಿಕಾರಿ, ಊರಿನಲ್ಲಿ ಕನ್ನಡಕ ಹುಡುಕಿಕೊಂಡು ಓದುವ ಎಂಬತ್ತರ ದೊಡ್ಡಪ್ಪ, ಎಲ್ಲರಿಗೂ ಒಂದೇ ಹೊತ್ತಿಗೆ ಅದೇ ಮಾತು ಮುಟ್ಟುತ್ತದೆ. ಗೆಳತಿಗೆ ಬರೆದ ಹಾಗೆ ಬರೆದರೆ ದೊಡ್ಡಪ್ಪನಿಗೆ ಸಲುಗೆ ಹೆಚ್ಚಾಯಿತು ಅನ್ನಿಸುತ್ತದೆ. ದೊಡ್ಡಪ್ಪನಿಗೆ ಬರೆದ ಹಾಗೆ ಬರೆದರೆ ಇಬ್ಬರ ಸಂತೋಷ ಎಲ್ಲೂ ಕಾಣುವುದಿಲ್ಲ. ಸಂತೋಷವೂ ಇರಬೇಕು, ವಿನಯವೂ ಇರಬೇಕು, ಹಿರಿಯರಿಗೆ ಸಲ್ಲಬೇಕಾದ್ದು ಸಲ್ಲಬೇಕು. ಇದು ಹೇಗೆ ಆಗುತ್ತದೆ ಎಂದು ನೋಡಲು ನಿಶ್ಚಿತಾರ್ಥದಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬಲ್ಲಿಂದಲೇ ಹೊರಡಬೇಕು.

ಮೈಸೂರು, ಮಂಡ್ಯ, ತುಮಕೂರು ಕಡೆಯ ಮನೆಗಳಲ್ಲಿ ಇದಕ್ಕೆ ವೀಳ್ಯ ಶಾಸ್ತ್ರ ಎನ್ನುವವರು ಇಂದಿಗೂ ಇದ್ದಾರೆ. ಕರಾವಳಿಯಲ್ಲಿ ನಿಶ್ಚಯ ತಾಂಬೂಲ. ಬೆಳಗಾವಿಯ ಗಡಿ ಕಡೆ ಸಾಖರಪುಡಾ ಎಂಬ ಮರಾಠಿ ಹೆಸರೂ ನಡೆಯುತ್ತದೆ. ಮುಸ್ಲಿಂ ಮನೆಗಳಲ್ಲಿ ಮಂಗ್ನಿ. ಶಾಸ್ತ್ರದ ವಿವರ ಜಾತಿ, ಊರು, ಮನೆತನಕ್ಕೆ ತಕ್ಕಂತೆ ಬೇರೆಯಾದರೂ ವೀಳ್ಯದ ಶಾಸ್ತ್ರ ಇರುವ ಕಡೆ ಅದರ ತಿರುಳು ಹೀಗಿರುತ್ತದೆ. ಜಮಖಾನದ ಮೇಲೆ ಎರಡೂ ಕಡೆಯ ಹಿರಿಯರು ಎದುರುಬದುರು ಕೂರುತ್ತಾರೆ. ನಡುವೆ ತಟ್ಟೆಗಳು: ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಕಲ್ಲುಸಕ್ಕರೆ, ಅರಿಶಿನ ಕುಂಕುಮ, ಹೂವು, ಸೀರೆ, ಕುಪ್ಪಸದ ಕಣ. ಪುರೋಹಿತರೋ ಮನೆಯ ಹಿರಿಯರೊಬ್ಬರೋ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ: ಇಂಥವರ ಮೊಮ್ಮಗಳು, ಇಂಥವರ ಮಗಳನ್ನು ಇಂಥವರ ಮೊಮ್ಮಗ, ಇಂಥವರ ಮಗನಿಗೆ ಕೊಡುವುದೆಂದು ನಿಶ್ಚಯವಾಗಿದೆ. ಲಗ್ನಪತ್ರಿಕೆ ಬರೆಸುವ ಮನೆಯಾದರೆ ಅದನ್ನು ಅಲ್ಲೇ ಬರೆದು, ಮೂಲೆಗಳಿಗೆ ಅರಿಶಿನ ಹಚ್ಚಿ, ಗಟ್ಟಿಯಾಗಿ ಓದುತ್ತಾರೆ. ಆಮೇಲೆ ತಟ್ಟೆಗಳು ಕೈ ಬದಲಾಗುತ್ತವೆ. ಉಂಗುರ ತೊಡಿಸುವುದು ಇದೆಲ್ಲ ಆದ ಮೇಲೆ. ಎಷ್ಟೋ ಮನೆಗಳಿಗೆ ಅದು ಈಚೆಗೆ ಸೇರಿಕೊಂಡ ಭಾಗ.

ಹಾಗೆ ನೋಡಿದರೆ ನಿಶ್ಚಿತಾರ್ಥ ಎಂಬುದೇ ಒಂದು ಪ್ರಕಟಣೆ. ಒಳಗೆ ಮಾತಾಡಿಕೊಂಡಿದ್ದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿ, ಅವರನ್ನು ಸಾಕ್ಷಿ ಮಾಡಿಕೊಳ್ಳುವುದೇ ಅದರ ಉದ್ದೇಶ. ಮದುವೆಗೆ ಮುಂಚೆ ಹೀಗೆ ಸಾರುವ ಕ್ರಮ ಬೇರೆ ಕಡೆಯೂ ಇದೆ. ಮಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಮದುವೆಯಾಗುವವರ ಹೆಸರನ್ನು ಪೂಜೆಯ ಹೊತ್ತಿನಲ್ಲಿ ಸಭೆಗೆ ಓದಿ ಹೇಳುವ ಪದ್ಧತಿ ಇದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಮೊದಲು ವಿವಾಹ ಅಧಿಕಾರಿಗೆ ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ, ಮೂವತ್ತು ದಿನ ಕಾಯಬೇಕು. ಆ ಎರಡರಲ್ಲೂ ಯಾರಿಗಾದರೂ ತಕರಾರಿದ್ದರೆ ಹೇಳಲಿ ಎಂಬ ಅರ್ಥವಿದೆ. ತಾಂಬೂಲದ ತಟ್ಟೆಯ ಮುಂದೆ ಸಾರುವಾಗ ಕೇಳುವುದು ಹರಕೆಯನ್ನು. ಸೇರಿದವರು ಅಕ್ಷತೆ ಹಾಕುತ್ತಾರೆ, ಜೋಡಿ ಕಾಲಿಗೆ ನಮಸ್ಕಾರ ಮಾಡುತ್ತಾರೆ, ಹಿರಿಯರು ತಲೆ ಮುಟ್ಟಿ ಚೆನ್ನಾಗಿ ಬಾಳಿ ಎನ್ನುತ್ತಾರೆ. ಫೋನಿನಲ್ಲಿ ಬರೆಯುವ ಮಾತು ಈ ಹರಕೆಯ ಮುಂದುವರಿಕೆ ಎಂದು ತಿಳಿದರೆ ಅದರ ದನಿ ತಾನಾಗಿ ಸರಿಹೋಗುತ್ತದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಜಮಖಾನದ ಮೇಲೆ ಮಾತಾಡಿದವರು ಹಿರಿಯರು, ಫೋನಿನಲ್ಲಿ ಮಾತಾಡುವವರು ಜೋಡಿ. ಮಾತಾಡುವವರು ಬದಲಾದಾಗ ಮಾತೂ ಬದಲಾಗಬೇಕು. ಇದನ್ನು ಗಮನಿಸದೆ ಅಚ್ಚಿನ ಆಹ್ವಾನ ಪತ್ರಿಕೆಯ ಸಾಲುಗಳನ್ನು ಹಾಗೆಯೇ ಎತ್ತಿ ಹಾಕುವುದರಿಂದ ಎಡವಟ್ಟಾಗುತ್ತದೆ. ಪತ್ರಿಕೆಯಲ್ಲಿ ಹುಡುಗನ ಹೆಸರಿನ ಹಿಂದೆ ಚಿ.ರಾ. ಎಂದೂ ಹುಡುಗಿಯ ಹೆಸರಿನ ಹಿಂದೆ ಚಿ.ಸೌ. ಎಂದೂ ಹಾಕುತ್ತಾರೆ. ಅದು ದೊಡ್ಡವರು ಚಿಕ್ಕವರಿಗೆ ಮಾಡುವ ಹರಕೆ, ಬಾಳಿ ಬದುಕಲಿ ಎಂಬ ಮಾತು. ಅದನ್ನು ತಮಗೆ ತಾವೇ ಹಾಕಿಕೊಳ್ಳುವುದು ಸಲ್ಲದು. ‘ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ’ ಎಂಬುದೂ ಅಪ್ಪ ಅಮ್ಮ ಹೇಳುವ ಮಾತೇ. ಜೋಡಿ ಹೇಳುವುದಾದರೆ ನಮ್ಮನ್ನು ಹರಸಿ ಎಂದರೆ ಸಾಕು. ತಮ್ಮ ಖಾತೆಯಿಂದ, ತಮ್ಮ ಫೋಟೊದ ಕೆಳಗೆ ಬರೆಯುವವರಿಗೆ ಹೆಸರಿನ ಅಗತ್ಯ ಕೂಡ ಅಷ್ಟಾಗಿ ಇಲ್ಲ. ‘ನಮ್ಮಿಬ್ಬರ’ ಎಂಬ ಒಂದು ಮಾತಿನಲ್ಲಿ ಹೆಸರುಗಳೂ ಸಂತೋಷವೂ ಎರಡೂ ಬಂದುಬಿಡುತ್ತವೆ.

ಒಂದು ಜೋಡಿಯನ್ನು ಮುಂದಿಟ್ಟುಕೊಂಡು ನೋಡೋಣ. ಹುಡುಗಿ ತಿಪಟೂರಿನ ಕಡೆಯವಳು, ಹುಡುಗ ಧಾರವಾಡದವನು, ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ನಿಶ್ಚಿತಾರ್ಥ ಹುಡುಗಿಯ ಮನೆಯಲ್ಲಿ, ಅಂಗಳಕ್ಕೆ ಚಪ್ಪರ ಹಾಕಿಸಿ ನಡೆದಿದೆ. ಅವಳ ತಾತ ತೀರಿಕೊಂಡು ಸ್ವಲ್ಪ ಕಾಲವಾಗಿದೆ, ಅಜ್ಜಿ ಇದ್ದಾರೆ. ಅವನ ಮನೆಯಲ್ಲಿ ಅಜ್ಜಿಯನ್ನು ಆಯಿ ಎನ್ನುತ್ತಾರೆ, ಆಕೆ ರಾತ್ರಿಯೆಲ್ಲ ರೈಲಿನಲ್ಲಿ ಪ್ರಯಾಣ ಮಾಡಿ ಬಂದಿದ್ದಾರೆ. ಸಂಬಂಧ ಹೊಂದಿಸಲು ಓಡಾಡಿದ್ದು ಹುಡುಗಿಯ ಸೋದರಮಾವ. ಮದುವೆಯ ದಿನ ಇನ್ನೂ ಗೊತ್ತಾಗಿಲ್ಲ.

ಸಂಜೆ ಕೂತಾಗ ಮೊದಲು ಮೂಡುವ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: ‘ನನ್ನ ಬದುಕಿನ ಪ್ರೀತಿಗೆ ನಾನು ಹೌದು ಎಂದೆ. ನಮ್ಮ ಶಾಶ್ವತ ಪಯಣ ಇಂದು ಆರಂಭ. ಜಗತ್ತಿನ ಅತ್ಯಂತ ಅದೃಷ್ಟವಂತೆ ನಾನು.’ ಇದರಲ್ಲಿ ಸುಳ್ಳೇನೂ ಇಲ್ಲ. ಹೀಗೆ ಬರೆದವರನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ, ಅವರ ಖುಷಿ ಅವರದು. ಆದರೆ ತಿಪಟೂರಿನ ಆ ಅಂಗಳದಲ್ಲಿ ನಡೆದದ್ದು ಇದಲ್ಲ. ಅಲ್ಲಿ ಹೌದು ಎಂದವರು ಇಪ್ಪತ್ತು ಜನ. ಆಯಿ ರೈಲು ಹತ್ತಿ ಬಂದದ್ದು, ಮಾವ ಓಡಾಡಿದ್ದು, ಅಮ್ಮ ಬೆಳಗಿನ ಜಾವ ಎದ್ದು ಅಂಗಳ ಸಾರಿಸಿ ರಂಗೋಲಿ ಹಾಕಿದ್ದು ಯಾವುದೂ ಈ ಮೂರು ಸಾಲಿನಲ್ಲಿ ಇಲ್ಲ. ಅಜ್ಜಿಗೆ ಓದಿ ಹೇಳಿದರೆ ಇದು ಯಾರ ಮನೆಯ ಸುದ್ದಿ ಎಂದು ಆಕೆ ಕೇಳಬಹುದು.

ಅದನ್ನು ಅಳಿಸಿ ಎರಡನೆಯ ಸಲ ಬರೆಯುವಾಗ ಕೈ ಇನ್ನೊಂದು ತುದಿಗೆ ಹೋಗುತ್ತದೆ: ‘ಶ್ರೀ ಕುಲದೇವತಾ ಪ್ರಸನ್ನ. ಗುರುಹಿರಿಯರ ಶುಭಾಶೀರ್ವಾದ ಬಲದಿಂದ ಈರ್ವರ ನಿಶ್ಚಿತಾರ್ಥ ಕಾರ್ಯಕ್ರಮವು ಬಂಧುಮಿತ್ರರ ಸಮ್ಮುಖದಲ್ಲಿ ಸಾಂಗವಾಗಿ ನೆರವೇರಿರುತ್ತದೆ ಎಂದು ತಿಳಿಸಲು ಹರ್ಷಿಸುತ್ತೇವೆ.’ ಹಿರಿಯರು ಬಂದರು, ದೇವರೂ ಬಂದರು. ಆದರೆ ಈ ಸಾಲನ್ನು ಯಾವ ಮನೆಯ ಯಾವ ನಿಶ್ಚಿತಾರ್ಥಕ್ಕಾದರೂ ಅಂಟಿಸಬಹುದು. ಇಪ್ಪತ್ತಾರು ವರ್ಷದ ಹುಡುಗಿ ‘ಹರ್ಷಿಸುತ್ತೇವೆ’ ಎಂದಾಗ ಅವಳು ನಕ್ಕ ಮುಖ ಓದುವವರಿಗೆ ಕಾಣುವುದಿಲ್ಲ. ವಿನಯಕ್ಕೂ ಈ ಗಡಸು ಭಾಷೆಗೂ ನಂಟಿಲ್ಲ. ವಿನಯ ಇರುವುದು ಯಾರನ್ನು ಮುಂದೆ ಬಿಟ್ಟು ನಾವು ಎಲ್ಲಿ ನಿಲ್ಲುತ್ತೇವೆ ಎಂಬುದರಲ್ಲಿ.

ಮೂರನೆಯ ಸಲ ಬರೆಯುವಾಗ ಒಂದು ಸಣ್ಣ ಕೆಲಸ ಮಾಡಿದರೆ ಸಾಕು. ಆ ದಿನ ಯಾರು ಏನು ಮಾಡಿದರು ಎಂದು ನೆನೆದು, ಅದನ್ನು ಮನೆಯ ಮಾತಿನಲ್ಲೇ ಹೇಳುವುದು. ನನ್ನ ಕೈಯಲ್ಲಿ ಅದು ಹೀಗೆ ಬರುತ್ತದೆ:

‘ಎಲ್ಲರಿಗೂ ನಮಸ್ಕಾರ. ನಿನ್ನೆ ತಿಪಟೂರಿನಲ್ಲಿ ಎರಡೂ ಮನೆಯ ಹಿರಿಯರು ವೀಳ್ಯ ಬದಲಾಯಿಸಿಕೊಂಡು ನಮ್ಮಿಬ್ಬರ ಮದುವೆ ನಿಶ್ಚಯ ಮಾಡಿದರು. ನಮಗೆ ಹೇಳತೀರದಷ್ಟು ಖುಷಿಯಾಗಿದೆ. ತಿಪಟೂರಿನ ಅಜ್ಜಿ, ಧಾರವಾಡದ ಆಯಿ ಇಬ್ಬರೂ ಜೊತೆಗೆ ನಿಂತು ನಮ್ಮ ತಲೆ ಮುಟ್ಟಿ ಹರಸಿದರು. ತಾತ ಇದ್ದಿದ್ದರೆ ಎಂದು ಎಲ್ಲರಿಗೂ ಅನ್ನಿಸಿತು. ಅಪ್ಪ ಅಮ್ಮ, ಅಪ್ಪ ಅವ್ವ, ನಮಗಾಗಿ ಓಡಾಡಿದ ಸೋದರಮಾವ, ದೂರದಿಂದ ಬಂದ ಕಾಕಾ ಕಾಕು, ಬಂದು ಹರಸಿದ ಎಲ್ಲ ಹಿರಿಯರಿಗೂ ನಮ್ಮ ನಮಸ್ಕಾರ. ಮದುವೆಯ ದಿನ ಗೊತ್ತಾದ ಮೇಲೆ ಮನೆಗೇ ಬಂದು ಕರೆಯುತ್ತೇವೆ. ನಿಮ್ಮ ಆಶೀರ್ವಾದ ಹೀಗೇ ಇರಲಿ.’

ಇದರಲ್ಲಿ ಮದುವೆ ನಿಶ್ಚಯ ಮಾಡಿದವರು ಹಿರಿಯರು, ಖುಷಿಪಟ್ಟವರು ಇವರಿಬ್ಬರು. ಎರಡೂ ನಿಜ, ಎರಡೂ ಅದರದರ ಜಾಗದಲ್ಲಿವೆ. ಇಬ್ಬರೇ ಮೆಚ್ಚಿಕೊಂಡು ಮನೆಯವರನ್ನು ಒಪ್ಪಿಸಿದ ಮದುವೆಯಾದರೂ ಈ ಸಾಲು ನಡೆಯುತ್ತದೆ, ಏಕೆಂದರೆ ವೀಳ್ಯ ಬದಲಾಯಿಸಿದ್ದು ಹಿರಿಯರೇ. ಸಂಬಂಧ ಹೇಗೆ ಕೂಡಿತು ಎಂಬ ಕಥೆಯನ್ನು ಊರಿಗೆಲ್ಲ ಹೇಳಬೇಕಾದ ಅಗತ್ಯವಿಲ್ಲ, ಅದು ಗೆಳೆಯರ ಜೊತೆ ಕೂತಾಗ ಹೇಳುವ ಕಥೆ. ಎರಡೂ ಮನೆಯವರನ್ನು ಅವರವರ ಮನೆಯಲ್ಲಿ ಕರೆಯುವ ಹಾಗೆಯೇ ಕರೆದಿದೆ. ತಿಪಟೂರಿನ ಅಮ್ಮ, ಧಾರವಾಡದ ಅವ್ವ ಇಬ್ಬರಿಗೂ ತಮ್ಮ ಮನೆಯ ಮಾತು ಕೇಳಿಸುತ್ತದೆ. ಹುಡುಗಿ ಬರೆದಳೆಂದು ಕಾಕಾನನ್ನು ಚಿಕ್ಕಪ್ಪ ಮಾಡಬೇಕಾಗಿಲ್ಲ. ಮುಂದೆ ಅವಳೂ ಕಾಕಾ ಎಂದೇ ಕರೆಯಬೇಕಾದವಳು, ಇವತ್ತೇ ಕರೆದರೆ ಧಾರವಾಡದವರಿಗೆ ಅದಕ್ಕಿಂತ ಹಿಗ್ಗು ಬೇಕಿಲ್ಲ.

‘ತಾತ ಇದ್ದಿದ್ದರೆ’ ಎಂಬ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಶುಭ ಸಮಾಚಾರದಲ್ಲಿ ಸತ್ತವರ ಮಾತು ಬೇಡ ಎನ್ನುವ ಮನೆಗಳಿವೆ, ಅಲ್ಲಿ ಹಿರಿಯರ ಮಾತಿನಂತೆ ಬಿಡಬಹುದು. ಆದರೆ ನಮ್ಮ ಆಹ್ವಾನ ಪತ್ರಿಕೆಗಳು ತೀರಿಕೊಂಡ ಹಿರಿಯರನ್ನು ಎಂದೂ ಬಿಟ್ಟಿಲ್ಲ. ದಿವಂಗತ, ಕೀರ್ತಿಶೇಷ, ಲಿಂಗಾಯತ ಮನೆಗಳಲ್ಲಿ ಲಿಂಗೈಕ್ಯ ಎಂದು ಹಾಕಿ ಮೊಮ್ಮಗಳ ಹೆಸರಿನ ಮುಂಚೆ ಅವರ ಹೆಸರನ್ನು ಅಚ್ಚು ಮಾಡಿಸುತ್ತಲೇ ಬಂದಿದ್ದೇವೆ. ಫೋನಿನ ಮಾತಿನಲ್ಲಿ ಬಿರುದು ಹಾಕದೆ, ಮನೆಯವರು ಅವತ್ತು ನಿಜವಾಗಿ ಆಡಿದ ಒಂದು ಮಾತನ್ನು ಬರೆದರೆ ಹೆಚ್ಚು ಮುಟ್ಟುತ್ತದೆ.

ಇಲ್ಲಿಯೇ ಇನ್ನೊಂದು ವಿಷಯ ಬರುತ್ತದೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ಎಷ್ಟೋ ಶಾಸ್ತ್ರಗಳಲ್ಲಿ ಗಂಡನನ್ನು ಕಳೆದುಕೊಂಡ ಅಜ್ಜಿಯನ್ನು, ಅಮ್ಮನನ್ನು ಇನ್ನೂ ಹಿಂದೆ ನಿಲ್ಲಿಸುತ್ತಾರೆ. ಆರತಿಗೆ ಅವರನ್ನು ಕರೆಯುವುದಿಲ್ಲ, ತಟ್ಟೆ ಅವರ ಕೈಯಲ್ಲಿ ಕೊಡುವುದಿಲ್ಲ. ಮಗಳನ್ನು ಒಂಟಿಯಾಗಿ ಸಾಕಿ ಓದಿಸಿದ ತಾಯಿ ಮಗಳ ನಿಶ್ಚಿತಾರ್ಥದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವುದನ್ನು ಕಂಡವರಿಗೆ ಅದು ಎಂಥ ಸಂಕಟ ಎಂದು ಗೊತ್ತು. ಶಾಸ್ತ್ರವನ್ನು ತಿದ್ದಲು ಅವತ್ತು ಮನೆಯಲ್ಲಿ ಆಗದೆ ಹೋಗಿರಬಹುದು. ಆದರೆ ಸುದ್ದಿ ಹೇಳುವ ಮಾತು ಪೂರ್ತಿ ಜೋಡಿಯ ಕೈಯಲ್ಲಿದೆ. ಅಲ್ಲಿ ಮೊದಲ ಹೆಸರು ಆ ತಾಯಿಯದಾಗಲಿ, ಫೋಟೊದ ನಡುವೆ ಆಕೆ ಕೂರಲಿ, ಇಬ್ಬರೂ ಆಕೆಯ ಎರಡು ಪಕ್ಕ ನಿಲ್ಲಲಿ. ಯಾರ ಆಶೀರ್ವಾದ ಮೊದಲು ಎಂಬುದನ್ನು ಈ ಒಂದು ಕಡೆಯಾದರೂ ಮಕ್ಕಳು ತೀರ್ಮಾನಿಸಬಹುದು.

ಫೋಟೊದ ಮಾತು ಬಂದದ್ದರಿಂದ ಹೇಳುತ್ತೇನೆ. ಉಂಗುರ ಹಾಕಿದ ಕೈಯೊಂದನ್ನೇ ತೋರಿಸುವ ಫೋಟೊ ಗೆಳೆಯರಿಗೆ ಸರಿ, ಹಿರಿಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅವರಿಗೆ ಹುಡುಗ ಯಾರು, ಹುಡುಗಿ ಯಾರು, ಯಾರ ಯಾರ ಮನೆಯವರು ಬಂದಿದ್ದರು ಎಂದು ನೋಡುವ ಆಸೆ. ಇಬ್ಬರೂ ಹಿರಿಯರ ನಡುವೆ ನಿಂತ ಒಂದೇ ಚಿತ್ರ, ಮುಖಗಳು ಸ್ಪಷ್ಟವಾಗಿ ಕಾಣುವಂಥದ್ದು ಸಾಕು. ತಟ್ಟೆಗಳಲ್ಲಿ ಇಟ್ಟ ಒಡವೆ, ಸೀರೆಯ ರಾಶಿ, ಹೊಸ ಗಾಡಿಯ ಕೀಲಿಕೈ ತೋರಿಸುವ ಫೋಟೊ ಬೇಡ. ವಿನಯ ಕೆಡುವುದು ಅಲ್ಲೇ. ಕೊಟ್ಟದ್ದು ವರದಕ್ಷಿಣೆಯಾದರೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಅದು ಕೊಟ್ಟವರಿಗೂ ತೆಗೆದುಕೊಂಡವರಿಗೂ ಅಪರಾಧ. ಪ್ರೀತಿಯಿಂದ ಕೊಟ್ಟದ್ದೇ ಆದರೂ ಅದನ್ನು ನೋಡುವ ಇನ್ನೊಂದು ಮನೆಯ ಅಪ್ಪ ತನ್ನ ಮಗಳಿಗೆ ಇಷ್ಟು ಮಾಡಬೇಕಲ್ಲ ಎಂದು ಲೆಕ್ಕ ಹಾಕಲು ಕೂರುತ್ತಾನೆ. ಸರಳತೆಗೆ ನಮ್ಮಲ್ಲಿ ದೊಡ್ಡ ಮೇಲ್ಪಂಕ್ತಿಯೇ ಇದೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ತಂದೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ, ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ನಡೆಯಿತು. ಇವತ್ತಿಗೂ ಆ ದಾರಿಯಲ್ಲಿ ಮದುವೆಯಾಗುವ ಜೋಡಿಗಳಿದ್ದಾರೆ. ಅವರು ಸುದ್ದಿ ಹೇಳುವಾಗಲೂ ಹಿರಿಯರಿಗೆ ನಮಸ್ಕಾರ ಇರುತ್ತದೆ, ಶಾಸ್ತ್ರ ಬಿಟ್ಟರೂ ಹರಕೆ ಬಿಡುವುದಿಲ್ಲ.

ಮಾದರಿಯ ಕೊನೆಯಲ್ಲಿ ‘ಮನೆಗೇ ಬಂದು ಕರೆಯುತ್ತೇವೆ’ ಎಂಬ ಮಾತಿದೆ. ಅದನ್ನು ಬಿಡಬಾರದು. ನಮ್ಮಲ್ಲಿ ಸುದ್ದಿ ಬೇರೆ, ಕರೆ ಬೇರೆ. ಮದುವೆಗೆ ಕರೆಯುವುದೆಂದರೆ ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟು, ಆಮೇಲೆ ಮನೆಮನೆಗೆ ಹೋಗಿ ಕುಂಕುಮ ಇಟ್ಟು ಪತ್ರಿಕೆ ಕೊಡುವುದು. ಫೋನಿನಲ್ಲಿ ಬಂದ ನಿಶ್ಚಿತಾರ್ಥದ ಸುದ್ದಿಯನ್ನೇ ಕರೆಯೆಂದು ತಿಳಿದು, ಇಷ್ಟರಲ್ಲೇ ಮುಗಿಸಿದರಲ್ಲ ಎಂದು ನೊಂದುಕೊಳ್ಳುವ ಹಿರಿಯರಿದ್ದಾರೆ. ಆ ಒಂದು ಸಾಲು ಆ ನೋವನ್ನು ತಪ್ಪಿಸುತ್ತದೆ. ಬರೆದ ಮೇಲೆ ಹೋಗಿ ಕರೆಯಲೂ ಬೇಕು.

ಇನ್ನು ನೋವಾಗುವ ದೊಡ್ಡ ಜಾಗ ಬರಹದ ಒಳಗಿಲ್ಲ, ಅದಕ್ಕಿಂತ ಹಿಂದಿನ ಗಂಟೆಗಳಲ್ಲಿದೆ. ‘ನಮಗೂ ಊರಿನವರ ಜೊತೆಗೇ ಗೊತ್ತಾಯ್ತು ಬಿಡಮ್ಮ’ ಎಂದು ಸೋದರಮಾವ ಅಂದರೆ ಅದನ್ನು ಸರಿಮಾಡಲು ಮದುವೆಯವರೆಗೂ ಬೇಕಾಗುತ್ತದೆ. ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಧಾರೆಯ ದಿನ ಅವನಿಲ್ಲದೆ ಮುಂದೆ ನಡೆಯದ ಶಾಸ್ತ್ರಗಳಿವೆ. ಅಂಥವರಿಗೆ ಸುದ್ದಿ ಬಾಯಿಂದಲೇ ಹೋಗಬೇಕು. ತಿಪಟೂರಿನ ಜೋಡಿ ಹೀಗೆ ಮಾಡಬಹುದು: ನಿಶ್ಚಿತಾರ್ಥದ ದಿನ ಏನನ್ನೂ ಹಾಕುವುದಿಲ್ಲ. ಬರಲಾಗದೆ ಹೋದ ಹಿರಿಯರು ಯಾರು ಯಾರು ಎಂದು ಎರಡೂ ಮನೆಯವರು ಒಂದು ಹಾಳೆಯಲ್ಲಿ ಬರೆಯುತ್ತಾರೆ. ಅಜ್ಜಿಯ ತಂಗಿ, ಅಪ್ಪನ ಹಿರಿಯಕ್ಕ, ಕಾಲು ನೋವಿನಿಂದ ಮನೆಯಲ್ಲೇ ಉಳಿದ ದೊಡ್ಡಪ್ಪ, ಒಂದನೆಯ ತರಗತಿಗೆ ಅಕ್ಷರ ಕಲಿಸಿದ ಮೇಷ್ಟ್ರು. ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಇಬ್ಬರೂ ಜೊತೆಗೆ ಕೂತು ಫೋನು ಮಾಡುತ್ತಾರೆ. ‘ದೊಡ್ಡಪ್ಪಾ, ನಿಶ್ಚಯ ಆಯ್ತು. ನೀವು ಬರೋಕಾಗಲಿಲ್ಲ, ಫೋನಲ್ಲೇ ನಮಸ್ಕಾರ ಮಾಡ್ತಿದೀವಿ, ಆಶೀರ್ವಾದ ಮಾಡಿ.’ ಇಷ್ಟೇ. ಧಾರವಾಡದ ಕಡೆಗಾದರೆ ಹುಡುಗನೇ ಮೊದಲು ಮಾತಾಡಿ ಫೋನು ಹುಡುಗಿಗೆ ಕೊಡುತ್ತಾನೆ, ‘ಏನವಾ, ಆರಾಮಿದ್ದೀಯಾ’ ಎಂದು ಆ ಕಡೆಯಿಂದ ಕೇಳಿದಾಗಲೇ ಅವಳಿಗೂ ಆ ಮನೆ ಹತ್ತಿರವಾಗುತ್ತದೆ. ಈ ಕರೆಗಳೆಲ್ಲ ಮುಗಿದ ಮೇಲೆ, ಮರುದಿನ ಸಂಜೆ ಸುದ್ದಿಯನ್ನು ಎಲ್ಲರಿಗೂ ಬಿಟ್ಟರೆ ಯಾರಿಗೂ ನೋವಿಲ್ಲ. ಮಾದರಿಯಲ್ಲಿ ‘ನಿನ್ನೆ’ ಎಂದಿರುವುದು ಅದಕ್ಕೇ.

ಎರಡೂ ಮನೆಯವರ ಒಪ್ಪಿಗೆ ಕೇಳಿಯೇ ಹಾಕಬೇಕು. ಮದುವೆಯ ದಿನ ಗೊತ್ತಾಗುವವರೆಗೂ ಬೇಡ, ದೃಷ್ಟಿಯಾಗುತ್ತದೆ ಎನ್ನುವ ಅಜ್ಜಿ ಇದ್ದರೆ ಕಾಯುವುದರಲ್ಲಿ ನಷ್ಟವಿಲ್ಲ. ಆ ಮಾತಿನ ಹಿಂದೆ ಅನುಭವವೂ ಇರುತ್ತದೆ. ಆಷಾಢ, ಪಿತೃಪಕ್ಷ ಕಳೆಯಲಿ ಎಂದು ಎಷ್ಟೋ ಮನೆಗಳು ಮದುವೆಯನ್ನು ಮುಂದಕ್ಕೆ ಹಾಕುವುದರಿಂದ ನಿಶ್ಚಯಕ್ಕೂ ಮದುವೆಗೂ ನಡುವೆ ತಿಂಗಳುಗಟ್ಟಲೆ ಅಂತರ ಬೀಳುತ್ತದೆ, ಆ ಅವಧಿಯಲ್ಲಿ ಮುರಿದುಬಿದ್ದ ಸಂಬಂಧಗಳೂ ಉಂಟು. ಕಾನೂನಿನಲ್ಲಿಯೂ ನಿಶ್ಚಿತಾರ್ಥ ಮದುವೆಯಲ್ಲ. ಆದ್ದರಿಂದ ‘ಇಂದಿನಿಂದ ನಾವು ಪತಿ ಪತ್ನಿ’ ಎಂಬ ಅರ್ಥ ಬರುವ ಮಾತುಗಳನ್ನು ಧಾರೆಯ ದಿನಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.

ಹಿರಿಯರ ಪಟ್ಟಿ ಎಷ್ಟು ಉದ್ದ ಇರಬೇಕು ಎಂಬುದು ಮನೆಮನೆಯಲ್ಲೂ ಏಳುವ ಪ್ರಶ್ನೆ. ಹೆಸರು ಹಿಡಿದು ಬರೆಯಲು ಹೊರಟರೆ ಒಂದು ಹೆಸರು ಬಿಟ್ಟೇ ಬಿಡುತ್ತದೆ, ಬಿಟ್ಟ ಹೆಸರು ವರ್ಷಗಟ್ಟಲೆ ನೆನಪಿರುತ್ತದೆ. ಎರಡೂ ಕಡೆಯಿಂದ ತಂದೆತಾಯಿ, ಅಜ್ಜ ಅಜ್ಜಿ, ಅವತ್ತಿನ ಕೆಲಸ ಹೊತ್ತ ಒಬ್ಬಿಬ್ಬರು, ಆಮೇಲೆ ‘ಬಂದು ಹರಸಿದ ಎಲ್ಲ ಹಿರಿಯರಿಗೂ’ ಎಂದು ನಿಲ್ಲಿಸಬೇಕು. ಒಂದು ಕಡೆಯವರು ಮೂವರಾದರೆ ಇನ್ನೊಂದು ಕಡೆಯವರೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಮನೆಯವರು ಒಪ್ಪದೆ ದೂರ ಉಳಿದ ಮದುವೆಗಳಲ್ಲಿ ‘ಹಿರಿಯರ ಆಶೀರ್ವಾದದಿಂದ’ ಎಂಬ ಮಾತನ್ನು ಶಾಸ್ತ್ರಕ್ಕೆಂದು ಹಾಕಬಾರದು. ಬಂದು ಜೊತೆಗೆ ನಿಂತವರು ಯಾರೋ, ಒಬ್ಬ ಅತ್ತೆಯೋ ಒಬ್ಬ ಮೇಷ್ಟ್ರೋ, ಅವರಿಗೆ ನಮಸ್ಕಾರ ಹೇಳಿ. ಬರದವರ ಬಗ್ಗೆ ಕಹಿ ಮಾತು ಬರೆಯದೆ ಬಿಟ್ಟರೆ ಅವರು ನಾಳೆ ಬರಲು ಬಾಗಿಲು ತೆರೆದಿರುತ್ತದೆ.

ಕನ್ನಡದಲ್ಲಿ ಬರೆಯುವಾಗ ಕೆಲವು ಕಾಗುಣಿತ ಮತ್ತೆ ಮತ್ತೆ ತಪ್ಪುತ್ತದೆ. ‘ಆಶೀರ್ವಾದ’ದಲ್ಲಿ ಶೀ ದೀರ್ಘ. ‘ಆಶೀರ್ವದಿಸಿ’ ಎಂಬಲ್ಲಿ ದ ಅಲ್ಪಪ್ರಾಣ, ಅದನ್ನು ಮಹಾಪ್ರಾಣ ಮಾಡಿದರೆ ಶುಭದ ಮಾತಿನೊಳಗೆ ವಧೆ ಬಂದು ಕೂರುತ್ತದೆ. ‘ನಿಶ್ಚಿತಾರ್ಥ’ದ ಕೊನೆಯಲ್ಲಿ ಥ ಬೇಕು, ‘ಹಾರ್ದಿಕ’ದಲ್ಲಿ ದ ಸಾಕು. ಫೋಟೊದ ಮೇಲೆ ಅಕ್ಷರ ಕೂರಿಸುವ ಆ್ಯಪ್‌ಗಳಲ್ಲಿ ಕೆಲವು ಒತ್ತಕ್ಷರವನ್ನು ಒಡೆದುಬಿಡುತ್ತವೆ, ಶ್ಚ ಮತ್ತು ರ್ಥ ಬಿಡಿಬಿಡಿಯಾಗಿ ಕಾಣುತ್ತವೆ. ಮುದ್ರಣದ ಅಂಗಡಿಯವರು ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಮಾಡಿಕೊಟ್ಟ ಪಠ್ಯವನ್ನು ಫೋನಿಗೆ ನಕಲು ಮಾಡಿದರೆ ಅರ್ಥವಿಲ್ಲದ ಗುರುತುಗಳು ಬರುವುದೂ ಉಂಟು. ಚಿತ್ರದ ಮೇಲೆ ಬರೆಯುವುದಕ್ಕಿಂತ ಕೆಳಗೆ ನೇರವಾಗಿ ಟೈಪ್ ಮಾಡುವುದೇ ವಾಸಿ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು.

ಲಗ್ನಪತ್ರಿಕೆಯ ಫೋಟೊವನ್ನು ಮಾತ್ರ ಹಾಕಬಾರದು. ಚೆಂದ ಕಾಣುತ್ತದೆ ನಿಜ, ಆದರೆ ಅದರಲ್ಲಿ ಮೂರು ತಲೆಮಾರಿನ ಹೆಸರು, ಗೋತ್ರ, ನಕ್ಷತ್ರ, ಮದುವೆಯ ದಿನ, ಒಮ್ಮೊಮ್ಮೆ ವಿಳಾಸವೂ ಇರುತ್ತದೆ. ಮನೆಯವರೆಲ್ಲ ಛತ್ರದಲ್ಲಿರುವ ದಿನ ಯಾವುದು, ಬೀಗ ಹಾಕಿರುವ ಮನೆ ಯಾವುದು ಎಂದು ಅಪರಿಚಿತರಿಗೂ ಗೊತ್ತಾಗುತ್ತದೆ. ಮಾದರಿಯಲ್ಲಿ ಊರಿನ ಹೆಸರಷ್ಟೇ ಇರುವುದು ಅದರಿಂದಲೇ. ಮುಂದೆ ಪತ್ರಿಕೆ ಕಳಿಸುವಾಗಲೂ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಕಳಿಸಿ. ಮದುವೆಯ ಕರೆಯೋಲೆ ಎಂದು ಹೇಳಿಕೊಂಡು .apk ಎಂದು ಕೊನೆಯಾಗುವ ಫೈಲು ಕಳಿಸಿ, ಅದನ್ನು ಒತ್ತಿದವರ ಫೋನಿಗೆ ಕನ್ನ ಹಾಕುವ ಮೋಸ ಈಚೆಗೆ ನಡೆಯುತ್ತಿದೆ. ಹಿರಿಯರೂ ಅದಕ್ಕೆ ಬಲಿಯಾಗಬಹುದು. ನಾವು ಅಂಥದ್ದನ್ನು ಕಳಿಸುವುದಿಲ್ಲ, ನಮ್ಮ ಹೆಸರಲ್ಲಿ ಬಂದರೂ ಮುಟ್ಟಬೇಡಿ ಎಂದು ಅಜ್ಜಿ ತಾತಂದಿರಿಗೆ ಮೊದಲೇ ಹೇಳಿಡಬೇಕು.

ವಾಟ್ಸ್ಆ್ಯಪ್‌ನ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾಯವಾಗುತ್ತದೆ, ದಿನಕ್ಕೊಮ್ಮೆ ಮಾತ್ರ ಫೋನು ನೋಡುವ ದೊಡ್ಡಮ್ಮನಿಗೆ ಅದು ಕಾಣದೇ ಹೋಗಬಹುದು. ಅಂಥವರಿಗೆ ಅದೇ ನಾಲ್ಕು ಸಾಲನ್ನು ಬೇರೆಯಾಗಿ ಕಳಿಸಿ, ಮೊದಲಲ್ಲಿ ‘ದೊಡ್ಡಮ್ಮಾ’ ಎಂದು ಸೇರಿಸಿ. ಅವರು ‘ಚೆನ್ನಾಗಿ ಬಾಳಿ ಮಕ್ಕಳೇ’ ಎಂದು ತಿದ್ದಿ ತಿದ್ದಿ ಟೈಪ್ ಮಾಡಿ ಉತ್ತರ ಕೊಟ್ಟಾಗ ಬರೀ ಒಂದು ಚಿಹ್ನೆ ಒತ್ತಿ ಸುಮ್ಮನಾಗಬೇಡಿ, ಎರಡು ಮಾತು ಬರೆಯಿರಿ.

ನಿಶ್ಚಯವಾಗಿ ಈ ಸಾಲುಗಳನ್ನು ಬರೆಯಲು ಕೂತಿರುವವರಿಗೆ ನನ್ನ ಕೋರಿಕೆ ಇಷ್ಟೇ. ಬರೆದದ್ದನ್ನು ಎಲ್ಲರಿಗೂ ಕಳಿಸುವ ಮುಂಚೆ ಎರಡೂ ಮನೆಗಳಲ್ಲಿ ಒಬ್ಬೊಬ್ಬ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಸೇರಿಸಿ ಎಂದ ಹೆಸರನ್ನು ಸೇರಿಸಿ, ಬಿಡಿ ಎಂದ ಮಾತನ್ನು ಬಿಡಿ, ಆಮೇಲೆ ಕಳಿಸಿ.